ಕಾಮನಬಿಲ್ಲಿನ ಹೊರ ಅಂಚು ಕೆಂಪೇ ಏಕೆ?

(ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಾಮನಬಿಲ್ಲು ಹೇಗೆ ಮೂಡುತ್ತದೆ ಎಂದು ಯಾವ ತರಗತಿಯಲ್ಲಿ ಕೇಳಿದರೂ ಸಿಗುವ ಉತ್ತರ ಒಂದೇ. ಮಳೆಹನಿ ಪಟ್ಟಕದಂತೆ ವರ್ತಿಸಿ ಬಿಳಿ ಬೆಳಕನ್ನು ಏಳು ಬಣ್ಣಗಳಾಗಿ ಒಡೆಯುತ್ತದೆ. ಉತ್ತರ ತಪ್ಪೇನಲ್ಲ, ಆದರೆ ಅರ್ಧಕ್ಕೇ ನಿಂತುಬಿಡುತ್ತದೆ. ಬಣ್ಣ ಎಲ್ಲಿಂದ ಬಂತು ಎಂಬುದನ್ನು ಅದು ಹೇಳುತ್ತದೆ. ಆ ಬಣ್ಣ ಆಕಾಶದಲ್ಲಿ ಒಂದು ನಿರ್ದಿಷ್ಟ ಜಾಗದಲ್ಲೇ, ಒಂದು ನಿರ್ದಿಷ್ಟ ಅಳತೆಯ ಬಿಲ್ಲಾಗಿಯೇ ಏಕೆ ನಿಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ. ಮಳೆಹನಿ ಉರುಟಾಗಿದೆ. ಬಿಸಿಲು ಅದರ ಮುಖದ ತುಂಬ ಬೀಳುತ್ತದೆ, ಒಂದೊಂದು ಕಡೆ ಬಿದ್ದ ಕಿರಣ ಒಂದೊಂದು ದಿಕ್ಕಿಗೆ ಹೊರಬರುತ್ತದೆ. ಹಾಗಿದ್ದ ಮೇಲೆ ಬಣ್ಣಗಳೆಲ್ಲ ಆಕಾಶದ ತುಂಬ ಚೆಲ್ಲಾಡಿ, ಬೆರೆತು, ಮತ್ತೆ ಬಿಳಿಯೇ ಆಗಬೇಕಿತ್ತಲ್ಲವೇ? ಇಂದು ನಾನು ಮಾತನಾಡಬೇಕೆಂದಿರುವುದು ಈ ಪ್ರಶ್ನೆಯನ್ನು ಕುರಿತು. ಇದು ಬಿಡಿಸಿಕೊಂಡರೆ ಕೆಂಪು ಏಕೆ ಹೊರಗೆ ಎಂಬುದು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲು ಬಿಲ್ಲು ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ. ಸೂರ್ಯನಿಂದ ನಿಮ್ಮ ತಲೆಯ ಮೂಲಕ ಒಂದು ಗೆರೆ ಎಳೆದು ಮುಂದಕ್ಕೆ ಚಾಚಿದರೆ ಅದು ನಿಮ್ಮ ತಲೆಯ ನೆರಳಿನ ಮೇಲೆ ಬೀಳುತ್ತದೆ. ಬಿಲ್ಲಿನ ಕೇಂದ್ರ ಆ ನೆರಳಿನ ದಿಕ್ಕಿನಲ್ಲಿದೆ. ಅಲ್ಲಿಂದ ಸುಮಾರು 42 ಡಿಗ್ರಿ ಕೋನದಲ್ಲಿ ಯಾವ ಕಡೆಗೆ ನೋಡಿದರೂ, ಅಲ್ಲಿ ಹನಿಗಳಿದ್ದು ಅವುಗಳ ಮೇಲೆ ಬಿಸಿಲು ಬೀಳುತ್ತಿದ್ದರೆ, ಬಿಲ್ಲು ಕಾಣುತ್ತದೆ. ಒಂದು ಗೆರೆಯಿಂದ ಒಂದೇ ಕೋನದಲ್ಲಿರುವ ದಿಕ್ಕುಗಳೆಲ್ಲ ಸೇರಿದರೆ ವೃತ್ತ. ನೆಲ ಅದರ ಕೆಳಭಾಗವನ್ನು ಮರೆಮಾಡುವುದರಿಂದ ನಮಗೆ ಕಮಾನು ಮಾತ್ರ ಉಳಿಯುತ್ತದೆ.

ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಇಡೀ ವೃತ್ತ ದಿಗಂತದ ಕೆಳಗೆ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಸಂಜೆಯ ಸೂರ್ಯ ಗಂಟೆಗೆ ಹೆಚ್ಚುಕಡಿಮೆ 14 ಡಿಗ್ರಿ ಇಳಿಯುತ್ತಾನೆ. ಹಾಗಾಗಿ ಸೂರ್ಯಾಸ್ತಕ್ಕೆ ಮೂರು ಗಂಟೆಗೂ ಹೆಚ್ಚು ಹೊತ್ತಿದ್ದಾಗ ಬಯಲಿನಲ್ಲಿ ನಿಂತು ಮಳೆಯಲ್ಲಿ ಬಿಲ್ಲು ಹುಡುಕುವುದು ವ್ಯರ್ಥ. ಮೇ ತಿಂಗಳ, ಅಕ್ಟೋಬರ್ ತಿಂಗಳ ಸಂಜೆ ಮಳೆ ಪೂರ್ವಕ್ಕೆ ಸರಿದು ಪಶ್ಚಿಮದಲ್ಲಿ ಬಿಸಿಲು ಬಿದ್ದಾಗ ಬಿಲ್ಲು ಕಾಣಲು ಬೇಕಾದ ಜೋಡಣೆ ತಾನಾಗಿ ಒದಗುತ್ತದೆ.

ಇನ್ನು ಹನಿಯೊಳಕ್ಕೆ ಹೋಗೋಣ. ಹಲಗೆಯ ಮೇಲೆ ಒಂದು ವೃತ್ತ ಬರೆದಿದ್ದೇನೆ. ಬಿಸಿಲು ಎಡಗಡೆಯಿಂದ, ಅಡ್ಡಲಾಗಿ ಬರುತ್ತಿದೆ. ಒಂದು ಕಿರಣ ಹನಿಯ ಮೇಲರ್ಧಕ್ಕೆ ಬಡಿದು, ಬಾಗಿ ಒಳಗೆ ಹೋಗುತ್ತದೆ. ಹಿಂಬದಿಯ ಗೋಡೆ ತಲುಪಿದಾಗ ಅದರ ಒಂದು ಪಾಲು ಪ್ರತಿಫಲಿಸುತ್ತದೆ. ಹಾಗೆ ತಿರುಗಿದ್ದು ಕೆಳಗಿನಿಂದ ಮತ್ತೊಮ್ಮೆ ಬಾಗಿ ಹೊರಬಂದು, ಬಂದ ಕಡೆಗೇ ಓರೆಯಾಗಿ ಇಳಿಯುತ್ತದೆ. ಪತನ ಕೋನ i, ನೀರಿನೊಳಗಿನ ಕೋನ r ಎಂದುಕೊಂಡರೆ, ಕಿರಣ ತನ್ನ ಮೊದಲಿನ ದಾರಿಯಿಂದ ಒಟ್ಟು ತಿರುಗಿದ ಕೋನ, ಅಂದರೆ ವಿಚಲನ ಕೋನ, ಇಷ್ಟು:

D = 180° + 2i − 4r

ಒಳಹೋಗುವಾಗ (i − r), ಹೊರಬರುವಾಗ ಇನ್ನೊಂದು (i − r), ಹಿಂಗೋಡೆಯಲ್ಲಿ (180° − 2r). ಮೂರನ್ನೂ ಕೂಡಿದರೆ ಮುಗಿಯಿತು. ಎಂಟನೆಯ ತರಗತಿಯ ರೇಖಾಗಣಿತ ಸಾಕು. i ಮತ್ತು r ನಡುವಿನ ಸಂಬಂಧ ಸ್ನೆಲ್ ನಿಯಮದಿಂದ ಬರುತ್ತದೆ: sin i = n sin r. ನೀರಿಗೆ n ಸುಮಾರು 4/3.

ಹೊರಬಂದ ಕಿರಣ ಬಂದ ದಿಕ್ಕಿಗೆ ಎಷ್ಟು ಓರೆಯಾಗಿದೆ ಎಂದು ತಿಳಿಯಲು 180 ಡಿಗ್ರಿಯಿಂದ D ಕಳೆಯಬೇಕು. ಅದು 4r − 2i. ನೆರಳಿನ ದಿಕ್ಕಿನಿಂದ ನಾವು ಆಕಾಶದಲ್ಲಿ ಅಳೆಯುವ ಕೋನವೂ ಇದೇ. ಮುಂದೆ ಇದನ್ನು ಮರಳುವ ಕೋನ ಎನ್ನುತ್ತೇನೆ.

1637ರಲ್ಲಿ ರೆನೆ ಡೆಕಾರ್ಟ್ ಮಾಡಿದ್ದು ಈ ಲೆಕ್ಕವನ್ನೇ. ಹನಿಯೊಳಗೆ ಬೆಳಕು ಎರಡು ಸಲ ಬಾಗಿ ಒಂದು ಸಲ ಪ್ರತಿಫಲಿಸುತ್ತದೆ ಎಂಬುದು ಅವನಿಗಿಂತ ಮುನ್ನೂರು ವರ್ಷ ಹಿಂದೆಯೇ ಗೊತ್ತಿತ್ತು. ಜರ್ಮನಿಯ ಥಿಯೊಡೊರಿಕ್ ಮತ್ತು ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ, ಇಬ್ಬರೂ ನೀರು ತುಂಬಿದ ಗಾಜಿನ ಗೋಳವನ್ನು ದೊಡ್ಡ ಹನಿಯೆಂದು ಭಾವಿಸಿ ಅದನ್ನು ಕಂಡುಕೊಂಡಿದ್ದರು. ಡೆಕಾರ್ಟ್ ಸೇರಿಸಿದ್ದು ತಾಳ್ಮೆಯ ಲೆಕ್ಕ. ಹನಿಯ ತ್ರಿಜ್ಯವನ್ನು ಹತ್ತು ಸಾವಿರ ಭಾಗ ಮಾಡಿಕೊಂಡು, ಬೇರೆಬೇರೆ ಎತ್ತರದಲ್ಲಿ ಬೀಳುವ ಕಿರಣಗಳನ್ನು ಒಂದೊಂದಾಗಿ ಬೆನ್ನಟ್ಟಿ, ಪ್ರತಿಯೊಂದೂ ಯಾವ ಕೋನದಲ್ಲಿ ಹೊರಬರುತ್ತದೆ ಎಂದು ಪಟ್ಟಿ ಬರೆದ. ಆ ಪಟ್ಟಿಯೊಳಗೆ ಬಿಲ್ಲು ಕೂತಿತ್ತು.

ನಾವೂ ಹಾಗೇ ಮಾಡೋಣ. ಕ್ಯಾಲ್ಕುಲೇಟರ್ ಇರುವುದರಿಂದ ನಮಗೆ ಹತ್ತು ನಿಮಿಷದ ಕೆಲಸ. ಹನಿಯ ತ್ರಿಜ್ಯ 1 ಎಂದುಕೊಳ್ಳಿ. ಹನಿಯ ನಟ್ಟನಡುವೆ ಬಿದ್ದ ಕಿರಣ ನೇರ ಹೋಗಿ ನೇರ ಹಿಂದಿರುಗುತ್ತದೆ, ಮರಳುವ ಕೋನ ಸೊನ್ನೆ. ನಡುವಿನಿಂದ 0.2 ಎತ್ತರದಲ್ಲಿ ಬಿದ್ದದ್ದು 11.4 ಡಿಗ್ರಿಯಲ್ಲಿ ಮರಳುತ್ತದೆ. 0.4ರಲ್ಲಿ ಬಿದ್ದದ್ದು 22.7, 0.6ರಲ್ಲಿ ಬಿದ್ದದ್ದು 33.2. ಒಂದೇ ಸಮನೆ ಏರುತ್ತಿದೆ. 0.8ಕ್ಕೆ ಬಂದಾಗ 41.2. 0.86ಕ್ಕೆ 42.0. ಇನ್ನೂ ಮೇಲೆ, 0.9ರಲ್ಲಿ ಬಿದ್ದದ್ದು ಎಷ್ಟಕ್ಕೆ ಹೋಗಬೇಕು? ನೋಡಿ, ಅದು 41.5ಕ್ಕೆ ಇಳಿದಿದೆ. 0.95ರಲ್ಲಿ 38.1. ಹನಿಯ ಅಂಚನ್ನು ಸವರಿಕೊಂಡು ಹೋಗುವ ಕಿರಣ 14.4ಕ್ಕೆ ಬಂದು ನಿಲ್ಲುತ್ತದೆ.

ಈ ತಿರುವೇ ಎಲ್ಲದಕ್ಕೂ ಮೂಲ. ಮರಳುವ ಕೋನ 42 ಡಿಗ್ರಿಯವರೆಗೆ ಏರಿ, ಅಲ್ಲಿಂದ ಹಿಂದೆ ಸರಿಯುತ್ತದೆ. ವಿಚಲನದ ಭಾಷೆಯಲ್ಲಿ ಹೇಳುವುದಾದರೆ D ಕಡಿಮೆಯಾಗುತ್ತ ಬಂದು 138 ಡಿಗ್ರಿಯಲ್ಲಿ ಕನಿಷ್ಠ ಮುಟ್ಟಿ ಮತ್ತೆ ಏರುತ್ತದೆ. ಹನಿಯೊಳಗೆ ಒಮ್ಮೆ ಪ್ರತಿಫಲಿಸಿದ ಯಾವ ಕಿರಣವೂ ಇದಕ್ಕಿಂತ ಕಡಿಮೆ ತಿರುಗಿ ಹೊರಬರಲಾರದು.

ಕಲನಶಾಸ್ತ್ರ ಓದಿದವರು D ಸಮೀಕರಣದ ಅವಕಲನವನ್ನು ಸೊನ್ನೆಗೆ ಸಮ ಮಾಡಿದರೆ ಈ ಬಿಂದು ನೇರವಾಗಿ ಸಿಗುತ್ತದೆ:

cos i = √((n² − 1)/3)

n = 4/3 ಹಾಕಿದರೆ i = 59.4°, r = 40.2°, D = 138.0°. ಹನಿಯ ಗಾತ್ರ ಈ ಸೂತ್ರದಲ್ಲಿ ಎಲ್ಲೂ ಇಲ್ಲ. ಅರ್ಧ ಮಿಲಿಮೀಟರ್ ಹನಿಯೂ ಎರಡು ಮಿಲಿಮೀಟರ್ ಹನಿಯೂ ಒಂದೇ ಕೋನ ಕೊಡುತ್ತವೆ. ಬಗೆಬಗೆಯ ಗಾತ್ರದ ಹನಿಗಳು ಬೀಳುತ್ತಿರುವ ಮಳೆಯಲ್ಲೂ ಬಿಲ್ಲು ಕಲಸಿಹೋಗದೆ ಉಳಿಯುವುದು ಇದರಿಂದ.

ಆದರೆ ಕನಿಷ್ಠ ಇದ್ದ ಮಾತ್ರಕ್ಕೆ ಅಲ್ಲಿ ಬೆಳಕು ಏಕೆ ಹೆಚ್ಚಬೇಕು? ಜೋಕಾಲಿಯನ್ನು ಗಮನಿಸಿದವರಿಗೆ ಇದು ಸುಲಭವಾಗಿ ಹೊಳೆಯುತ್ತದೆ. ನಡುವೆ ಅದು ಬಿರುಸಾಗಿ ಸಾಗುತ್ತದೆ, ತುದಿಯಲ್ಲಿ ಹಿಂದಿರುಗುವ ಮುನ್ನ ನಿಧಾನವಾಗುತ್ತದೆ. ಹಾಗಾಗಿ ಹೆಚ್ಚು ಹೊತ್ತು ಇರುವುದು ತುದಿಗಳ ಬಳಿಯಲ್ಲೇ. ಇಲ್ಲಿ ಕೋನವೂ ತಿರುಗುವ ಜಾಗದಲ್ಲಿ ನಿಧಾನಿಸುತ್ತದೆ. ಅಂಕಿಗಳಲ್ಲೇ ನೋಡಿ. ಹನಿಯ ಮುಖದಲ್ಲಿ 0.2ರಿಂದ 0.3ರವರೆಗಿನ ಉಂಗುರದ ಮೇಲೆ ಬಿದ್ದ ಬೆಳಕು 11.4ರಿಂದ 17.1ರವರೆಗೆ, ಐದೂವರೆ ಡಿಗ್ರಿಗೂ ಹೆಚ್ಚು ಅಗಲಕ್ಕೆ ಹರಡಿಹೋಗುತ್ತದೆ. 0.8ರಿಂದ 0.9ರವರೆಗಿನ ಉಂಗುರದ ಬೆಳಕೆಲ್ಲ ಒಂದು ಡಿಗ್ರಿಯೊಳಗೇ ಕಿಕ್ಕಿರಿಯುತ್ತದೆ. ಅದೂ ಅಲ್ಲದೆ ಈ ಎರಡನೆಯ ಉಂಗುರ ದೊಡ್ಡದು. ಹನಿಯ ಮೇಲೆ ಬೀಳುವ ಬೆಳಕಿನಲ್ಲಿ ಶೇಕಡ 17 ಅದರ ಪಾಲು, ಮೊದಲನೆಯದರ ಪಾಲು ಶೇಕಡ 5 ಮಾತ್ರ. ಹೀಗೆ 42 ಡಿಗ್ರಿಯ ಬಳಿ ಬೆಳಕಿನ ದಟ್ಟಣೆ. ಅದರಾಚೆ ಒಮ್ಮೆಲೇ ಏನೂ ಇಲ್ಲ. ಅದರೀಚೆ ತೆಳುವಾದ ಬೆಳಕು.

ಆದ್ದರಿಂದ ಕಾಮನಬಿಲ್ಲನ್ನು ಆಕಾಶದಲ್ಲಿ ತೂಗುಬಿಟ್ಟ ಪಟ್ಟಿಯೆಂದು ಎಣಿಸಬೇಡಿ. ಅದು ತುಂಬಿದ ಬೆಳಕಿನ ವೃತ್ತವೊಂದರ ಹೊಳೆಯುವ ಅಂಚು. ಮುಂದಿನ ಸಲ ಬಿಲ್ಲು ಕಂಡಾಗ ಬಣ್ಣಗಳಿಂದ ಕಣ್ಣು ಕಿತ್ತು ಬಿಲ್ಲಿನ ಒಳಗಿನ ಆಕಾಶವನ್ನೂ ಹೊರಗಿನ ಆಕಾಶವನ್ನೂ ಹೋಲಿಸಿ ನೋಡಿ. ಒಳಗೆ ಬೆಳಕು ಜಾಸ್ತಿ, ಹೊರಗೆ ಮಬ್ಬು. ಇದು ತಿಳಿಯದಿದ್ದಾಗ ಎಷ್ಟು ಬಿಲ್ಲು ನೋಡಿದರೂ ಗಮನಕ್ಕೆ ಬರುವುದಿಲ್ಲ, ತಿಳಿದ ಮೇಲೆ ನೋಡದೆ ಇರಲು ಆಗುವುದಿಲ್ಲ.

ಇದನ್ನು ಶಾಲೆಯಲ್ಲೇ ತೋರಿಸಬಹುದು. ಮೇಜಿನ ಮೇಲೆ ಇರುವುದು ಪ್ರಯೋಗಾಲಯದ ಗುಂಡು ತಳದ ಫ್ಲಾಸ್ಕ್. ಸುತ್ತಳತೆಯಲ್ಲಿ ಉಬ್ಬುತಗ್ಗಿಲ್ಲದ್ದನ್ನು ಆರಿಸಿ, ಗುಳ್ಳೆ ಉಳಿಯದಂತೆ ನೀರು ತುಂಬಿದ್ದೇನೆ. ಅದರ ಮುಂದೆ ಬಿಳಿ ಹಾಳೆ ಅಂಟಿಸಿದ ದೊಡ್ಡ ರಟ್ಟು. ರಟ್ಟಿನ ನಡುವೆ ಫ್ಲಾಸ್ಕಿನಷ್ಟೇ ಅಗಲದ ತೂತು. ತೂತು ಚಿಕ್ಕದಾದರೆ ಪ್ರಯೋಗ ಕೆಡುತ್ತದೆ. ಏಕೆಂದರೆ ನಮಗೆ ಬೇಕಾದ ಕಿರಣಗಳು ಬೀಳುವುದು ನಡುವಿನಲ್ಲಲ್ಲ, ಅಂಚಿನ ಹತ್ತಿರ, 0.86ರ ಸುತ್ತ. ಕತ್ತಲೆ ಕೋಣೆಯಲ್ಲಿ, ದೂರದ ಪ್ರೊಜೆಕ್ಟರ್‌ನಿಂದ ಅಥವಾ ಕನ್ನಡಿಯಲ್ಲಿ ತಿರುಗಿಸಿದ ಬಿಸಿಲಿನಿಂದ ತೂತಿನ ಮೂಲಕ ಬೆಳಕು ಹಾಯಿಸಿದರೆ, ರಟ್ಟಿನ ಮೇಲೆ, ಬೆಳಕು ಬಂದ ಕಡೆಗೇ, ಒಂದು ದೊಡ್ಡ ಬಣ್ಣದ ಉಂಗುರ ಮೂಡುತ್ತದೆ. ಹತ್ತಿರ ಹೋಗಿ ನೋಡಿ. ಹೊರ ಅಂಚಿನಲ್ಲಿ ಕೆಂಪು, ಕತ್ತರಿಸಿದಷ್ಟು ಚೊಕ್ಕ. ಒಳಗೆ ಹೋದಂತೆ ಹಳದಿ, ಹಸಿರು, ಮಸುಕಾದ ನೀಲಿ, ಆಮೇಲೆ ಬಿಳಿಚು.

ಕೋನ ಅಳೆಯುವಾಗ ಒಂದು ಎಚ್ಚರಿಕೆ ಬೇಕು. ಉಂಗುರದ ತ್ರಿಜ್ಯವನ್ನು ರಟ್ಟಿನ ದೂರದಿಂದ ಭಾಗಿಸಿ, ಅದು ಯಾವ ಕೋನದ ಟ್ಯಾನ್ ಎಂದು ನೋಡಿದರೆ 42 ಡಿಗ್ರಿಗಿಂತ ಹೆಚ್ಚು ಬರುತ್ತದೆ. ಫ್ಲಾಸ್ಕ್ ಮಳೆಹನಿಯಂತೆ ಚುಕ್ಕೆಯಲ್ಲ, ಕಿರಣ ಹೊರಬೀಳುವುದು ಅದರ ಕೇಂದ್ರದಿಂದಲ್ಲ. ಹತ್ತು ಸೆಂಟಿಮೀಟರ್ ವ್ಯಾಸದ ಫ್ಲಾಸ್ಕಿನಿಂದ 30 ಸೆಂಟಿಮೀಟರ್ ದೂರದಲ್ಲಿ ಉಂಗುರದ ತ್ರಿಜ್ಯ 27 ಅಲ್ಲ, ಸುಮಾರು 33 ಇರುತ್ತದೆ. ಇದಕ್ಕೆ ಉಪಾಯ ಸರಳ. ರಟ್ಟನ್ನು ಹತ್ತು ಸೆಂಟಿಮೀಟರ್ ಹಿಂದೆ ಸರಿಸಿ, ತ್ರಿಜ್ಯ ಎಷ್ಟು ಹಿಗ್ಗಿತು ಎಂದು ಅಳೆಯಿರಿ. ಒಂಬತ್ತು ಸೆಂಟಿಮೀಟರ್ ಹಿಗ್ಗುತ್ತದೆ. 0.9 ಯಾವ ಕೋನದ ಟ್ಯಾನ್? 42 ಡಿಗ್ರಿಯದು. ಫ್ಲಾಸ್ಕಿನ ಗಾತ್ರ ಲೆಕ್ಕದಿಂದ ಹೊರಗೇ ಉಳಿಯಿತು.

ಇಲ್ಲಿ ಒಂದು ತಪ್ಪನ್ನು ತಿದ್ದಲೇಬೇಕು, ಏಕೆಂದರೆ ಅದು ಮಾರ್ಗದರ್ಶಿಗಳಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ ಬೇರೂರಿದೆ. ಹನಿಯೊಳಗೆ ಸಂಪೂರ್ಣ ಆಂತರಿಕ ಪ್ರತಿಫಲನವಾಗುತ್ತದೆ ಎಂದು ಮಕ್ಕಳು ಬರೆಯುತ್ತಾರೆ, ಅದಕ್ಕೆ ಅಂಕವೂ ಸಿಗುತ್ತದೆ. ಆದರೆ ಅದು ಆಗುವುದಿಲ್ಲ. ನೀರಿನಿಂದ ಗಾಳಿಗೆ ಹೊರಡುವ ಬೆಳಕು ಪೂರ್ತಿ ಹಿಂದಿರುಗಬೇಕಾದರೆ ಒಳಗಿನ ಕೋನ 48.6 ಡಿಗ್ರಿ ಮೀರಬೇಕು. ಬಿಲ್ಲಿನ ಕಿರಣದ ಒಳಗಿನ ಕೋನ 40.2. ಅಂಚು ಸವರಿ ಒಳಬಂದ ಕಿರಣಕ್ಕೂ ಅದು 48.6ನ್ನು ಮುಟ್ಟುತ್ತದೆಯೇ ಹೊರತು ಮೀರುವುದಿಲ್ಲ. ಉರುಟು ಹನಿಯೊಳಕ್ಕೆ ಹೊರಗಿನಿಂದ ಬಂದ ಬೆಳಕು ಯಾವ ಕೋನದಲ್ಲಿ ಒಳಬಂತೋ ಅದೇ ಕೋನದಲ್ಲಿ ಹಿಂಗೋಡೆಗೆ ಬಡಿಯುತ್ತದೆ. ಒಳಬರಲು ಸಾಧ್ಯವಾದ ದಾರಿಯಲ್ಲಿ ಹೊರಹೋಗುವುದೂ ಸಾಧ್ಯ. ನಿಜದಲ್ಲಿ ಹಿಂಗೋಡೆಗೆ ತಲುಪಿದ ಬೆಳಕಿನಲ್ಲಿ ಪ್ರತಿಫಲಿಸುವುದು ನೂರಕ್ಕೆ ಆರರಷ್ಟು ಮಾತ್ರ, ಉಳಿದದ್ದು ಹಿಂದಿನಿಂದ ಹೊರಟುಹೋಗುತ್ತದೆ. ಅಷ್ಟು ಕಡಿಮೆ ಬೆಳಕಿನಲ್ಲೂ ಬಿಲ್ಲು ಇಷ್ಟು ಎದ್ದು ಕಾಣುತ್ತದೆಂದರೆ ಕನಿಷ್ಠ ವಿಚಲನದ ಬಳಿ ಆಗುವ ದಟ್ಟಣೆಯ ಬಲ ಎಷ್ಟು ಎಂದು ಊಹಿಸಿ.

ಈಗ ಕೆಂಪಿನ ವಿಷಯ. ಈವರೆಗೆ n = 4/3 ಎಂದು ಒಂದೇ ಅಂಕಿ ಹಿಡಿದೆವು. ನಿಜದಲ್ಲಿ ನೀರಿನ ವಕ್ರೀಭವನ ಸೂಚ್ಯಂಕ ಬಣ್ಣಕ್ಕೊಂದು. ಕೆಂಪಿಗೆ ಸುಮಾರು 1.331, ನೇರಳೆಗೆ ಸುಮಾರು 1.344. ವ್ಯತ್ಯಾಸ ನೂರಕ್ಕೆ ಒಂದರಷ್ಟು. ಅದೇ ಸೂತ್ರದಲ್ಲಿ ಹಾಕಿ ನೋಡೋಣ. ಕೆಂಪಿಗೆ i = 59.5°, r = 40.4°, ವಿಚಲನ 137.6°, ಮರಳುವ ಕೋನ 42.4°. ನೇರಳೆಗೆ i = 58.8°, r = 39.5°, ವಿಚಲನ 139.5°, ಮರಳುವ ಕೋನ 40.5°. ಕೆಂಪು ಕಡಿಮೆ ಬಾಗುತ್ತದೆ, ಆದ್ದರಿಂದ ಕಡಿಮೆ ತಿರುಗುತ್ತದೆ, ಆದ್ದರಿಂದ ಬಂದ ದಾರಿಗೆ ಹೆಚ್ಚು ಓರೆಯಾಗಿ ಮರಳುತ್ತದೆ. ಪ್ರತಿ ಬಣ್ಣಕ್ಕೂ ತನ್ನದೇ ಬೆಳಕಿನ ವೃತ್ತವಿದೆ, ಕೇಂದ್ರ ಎಲ್ಲಕ್ಕೂ ಒಂದೇ. ಅವುಗಳಲ್ಲಿ ಕೆಂಪಿನದು ಎಲ್ಲಕ್ಕಿಂತ ದೊಡ್ಡದು, ನೇರಳೆಯದು ಚಿಕ್ಕದು. ದೊಡ್ಡ ವೃತ್ತದ ಅಂಚು ಹೊರಗಿರುತ್ತದೆ. ಡೆಕಾರ್ಟ್‌ಗೆ ಕೋನ ಸಿಕ್ಕಿತ್ತು, ಬಣ್ಣಗಳ ಲೆಕ್ಕ ಸಿಕ್ಕಿರಲಿಲ್ಲ. ಪ್ರತಿ ಬಣ್ಣಕ್ಕೂ ಬೇರೆ ಸೂಚ್ಯಂಕವಿದೆ ಎಂದು ಪಟ್ಟಕದಲ್ಲಿ ಕಂಡ ನ್ಯೂಟನ್ ಅದನ್ನು ಪೂರೈಸಿದ. 1704ರಲ್ಲಿ ಪ್ರಕಟವಾದ ತನ್ನ 'ಆಪ್ಟಿಕ್ಸ್' ಗ್ರಂಥದಲ್ಲಿ ಕೆಂಪಿಗೆ 42 ಡಿಗ್ರಿ 2 ಮಿನಿಟು, ನೇರಳೆಗೆ 40 ಡಿಗ್ರಿ 17 ಮಿನಿಟು ಎಂದು ಕೊಟ್ಟಿದ್ದಾನೆ.

ಇಲ್ಲಿ ಜಾಣ ವಿದ್ಯಾರ್ಥಿಗಳೇ ಎಡವುತ್ತಾರೆ. ಪಠ್ಯಪುಸ್ತಕದ ಚಿತ್ರದಲ್ಲಿ ಒಂದೇ ಹನಿಯಿಂದ ಹೊರಬರುವ ಕಿರಣಗಳನ್ನು ನೋಡಿದರೆ ಕೆಂಪು ಕೆಳಗೆ, ನೇರಳೆ ಮೇಲೆ ಇರುತ್ತದೆ. ಹಾಗಿದ್ದರೆ ಬಿಲ್ಲಿನಲ್ಲಿ ಕೆಂಪು ಮೇಲೆ ಹೇಗೆ ಬಂತು? ಚಿತ್ರ ಸರಿಯಾಗಿಯೇ ಇದೆ. ಆದರೆ ಒಂದು ಹನಿಯಿಂದ ಹೊರಟ ಕೆಂಪೂ ನೇರಳೆಯೂ ಒಂದೇ ಕಣ್ಣಿಗೆ ಬರುವುದಿಲ್ಲ. ಸೂರ್ಯ 20 ಡಿಗ್ರಿ ಮೇಲಿದ್ದಾನೆ, ಒಂದು ಕಿಲೋಮೀಟರ್ ದೂರದಲ್ಲಿ ಮಳೆ ಸುರಿಯುತ್ತಿದೆ ಎಂದುಕೊಳ್ಳಿ. ಬಿಲ್ಲಿನ ನೆತ್ತಿಯಲ್ಲಿ ಕೆಂಪು ಕಾಣುವುದು ದಿಗಂತದಿಂದ 22.4 ಡಿಗ್ರಿ ಮೇಲೆ, ಅಂದರೆ ಸುಮಾರು 412 ಮೀಟರ್ ಎತ್ತರದ ಹನಿಗಳಿಂದ. ನೇರಳೆ ಕಾಣುವುದು 20.5 ಡಿಗ್ರಿಯಲ್ಲಿ, ಸುಮಾರು 374 ಮೀಟರ್ ಎತ್ತರದ ಹನಿಗಳಿಂದ. ಮೇಲಿನ ಹನಿಯ ನೇರಳೆ ಕಿರಣ ನಿಮ್ಮ ತಲೆಯ ಮೇಲಿಂದ ಹಾದುಹೋಗುತ್ತದೆ. ಕೆಳಗಿನ ಹನಿಯ ಕೆಂಪು ಕಿರಣ ಕಡಿದಾಗಿ ಇಳಿದು ನಿಮ್ಮ ಮುಂದೆಯೇ ನೆಲಕ್ಕೆ ಬೀಳುತ್ತದೆ. ಹನಿಯೊಂದು ಬೀಳುತ್ತ ಬೀಳುತ್ತ ನಿಮಗೆ ಮೊದಲು ಕೆಂಪು ಕೊಟ್ಟು, ಆಮೇಲೆ ಹಸಿರು ಕೊಟ್ಟು, ಕೊನೆಗೆ ನೇರಳೆ ಕೊಟ್ಟು ಇಳಿದುಹೋಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಬರುತ್ತದೆ. ಶಿಕ್ಷಕರಲ್ಲಿ ನನ್ನ ಕೋರಿಕೆ: ಹಲಗೆಯ ಮೇಲೆ ಯಾವಾಗಲೂ ಎರಡು ಹನಿ, ಒಂದು ಕಣ್ಣು ಬರೆಯಿರಿ. ಒಂದು ಹನಿಯ ಚಿತ್ರ ಮಾತ್ರ ಬರೆದರೆ ಗೊಂದಲವನ್ನು ನಾವೇ ಕೊಟ್ಟಂತೆ.

ವೃತ್ತಗಳ ಮೇಲೆ ವೃತ್ತ ಎಂಬ ಈ ಲೆಕ್ಕ ಇನ್ನೊಂದು ಸಂಗತಿಯನ್ನೂ ಬಿಡಿಸುತ್ತದೆ, ನನಗೆ ಬಹಳ ಪ್ರಿಯವಾದದ್ದು. ಬಿಲ್ಲಿನ ಕೆಂಪು ಯಾವಾಗಲೂ ಗಾಢ, ನೇರಳೆ ಯಾವಾಗಲೂ ಸಪ್ಪೆ. ಏಕೆ? 42.4 ಡಿಗ್ರಿಯಲ್ಲಿ ಕೆಂಪೊಂದನ್ನು ಬಿಟ್ಟು ಬೇರೆ ಯಾವ ಬಣ್ಣಕ್ಕೂ ತಲುಪುವ ಶಕ್ತಿಯಿಲ್ಲ, ಅವುಗಳ ವೃತ್ತ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. ಹಾಗಾಗಿ ಅಲ್ಲಿನ ಕೆಂಪಿಗೆ ಬೆರಕೆಯಿಲ್ಲ. 40.5ಕ್ಕೆ ಬನ್ನಿ. ಅಲ್ಲಿ ನೇರಳೆ ತನ್ನ ಅಂಚಿನಲ್ಲಿ ಹೊಳೆಯುತ್ತಿದೆ, ನಿಜ. ಆದರೆ ಕೆಂಪು, ಹಳದಿ, ಹಸಿರು ವೃತ್ತಗಳ ಒಳಭಾಗವೂ ಅಲ್ಲಿಯೇ ಹಾಸಿಕೊಂಡಿದೆ. ಅವೆಲ್ಲ ನೇರಳೆಯನ್ನು ತೊಳೆದುಹಾಕುತ್ತವೆ. ಇನ್ನೂ ಒಳಗೆ ಹೋದರೆ ಎಲ್ಲ ವೃತ್ತಗಳೂ ಸೇರಿ ಬಿಳಿಯಾಗುತ್ತವೆ, ಬಿಲ್ಲಿನ ಒಳಗಿನ ಆ ಬೆಳಕು ಇದೇ. ಪಟ್ಟಕದ ಬಣ್ಣಗಳಷ್ಟು ಶುದ್ಧ ಬಣ್ಣ ಬಿಲ್ಲಿನಲ್ಲಿ ಸಿಗುವುದಿಲ್ಲ. ಸೂರ್ಯನೇ ಅರ್ಧ ಡಿಗ್ರಿ ಅಗಲವಾಗಿರುವುದರಿಂದ ಪ್ರತಿ ಅಂಚೂ ಅಷ್ಟರಮಟ್ಟಿಗೆ ಮಸುಕುತ್ತದೆ.

ಈ ಕಿರಣಗಳ ಲೆಕ್ಕಕ್ಕೂ ಒಂದು ಮಿತಿಯಿದೆ. ಹನಿಯ ಗಾತ್ರ ಕೋನವನ್ನು ಬದಲಿಸುವುದಿಲ್ಲ ಎಂದೆ. ಅದು ಮಳೆಹನಿಗಳ ಮಟ್ಟಿಗೆ ಸರಿ. ಮಂಜಿನಲ್ಲಿರುವಂಥ, ಮಿಲಿಮೀಟರಿನ ನೂರನೇ ಭಾಗದಷ್ಟು ಕಿರಿದಾದ ಹನಿಗಳಲ್ಲಿ ಬೆಳಕಿನ ಅಲೆಯ ಗುಣ ಮೇಲುಗೈ ಪಡೆಯುತ್ತದೆ. ಪ್ರತಿ ಬಣ್ಣದ ಅಂಚೂ ಅಗಲವಾಗಿ ಒಂದರ ಮೇಲೊಂದು ಹರಡಿ, ಬಿಲ್ಲು ಬಹುಮಟ್ಟಿಗೆ ಬಿಳಿಯಾಗುತ್ತದೆ. ಕೆಲವೊಮ್ಮೆ ಮುಖ್ಯ ಬಿಲ್ಲಿನ ಒಳಮಗ್ಗುಲಲ್ಲಿ ಹಸಿರು, ನಸುಗೆಂಪು ಎಳೆಗಳು ಕಾಣುತ್ತವೆ. ಅವೂ ಅಲೆಗಳ ಕೆಲಸ. ಒಂದೇ ಕೋನದಲ್ಲಿ ಮರಳುವ ಎರಡು ಕಿರಣಗಳು, ಒಂದು 0.86ರ ಕೆಳಗೆ ಬಿದ್ದದ್ದು, ಇನ್ನೊಂದು ಮೇಲೆ ಬಿದ್ದದ್ದು, ಒಂದಕ್ಕೊಂದು ಸೇರುವಾಗ ಅವು ಹುಟ್ಟುತ್ತವೆ ಎಂದು 1804ರಲ್ಲಿ ಥಾಮಸ್ ಯಂಗ್ ವಿವರಿಸಿದ. ಅದರ ಪೂರ್ಣ ಲೆಕ್ಕ ಇಂದಿನ ಮಾತಿನ ಅಳವಿಗೆ ಮೀರಿದ್ದು.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. "ಸರ್, ಕೆಂಪು ಕಡಿಮೆ ತಿರುಗುವುದರಿಂದ ಹೊರಗಿರುತ್ತದೆ ಎಂದಿರಿ. ಆದರೆ ಮೇಲೆ ಕಾಣುವ ಎರಡನೆಯ ಬಿಲ್ಲಿನಲ್ಲಿ ಕೆಂಪು ಒಳಗಿರುತ್ತದಲ್ಲ, ಅಲ್ಲಿ ಕೆಂಪು ಹೆಚ್ಚು ತಿರುಗುತ್ತದೆಯೇ?"

ಇಲ್ಲ, ಅಲ್ಲಿಯೂ ಕೆಂಪೇ ಕಡಿಮೆ ತಿರುಗುತ್ತದೆ. ಎರಡನೆಯ ಬಿಲ್ಲಿನ ಬೆಳಕು ಹನಿಯೊಳಗೆ ಎರಡು ಸಲ ಪ್ರತಿಫಲಿಸುತ್ತದೆ. ಒಟ್ಟು ವಿಚಲನ 360° + 2i − 6r. ಇದಕ್ಕೂ ಒಂದು ಕನಿಷ್ಠವಿದೆ: ಕೆಂಪಿಗೆ ಸುಮಾರು 230 ಡಿಗ್ರಿ, ನೇರಳೆಗೆ ಸುಮಾರು 234. ಎರಡೂ 180 ಡಿಗ್ರಿ ದಾಟಿವೆ. ಮೊದಲ ಬಿಲ್ಲಿನ ಕಿರಣ ಪೂರ್ತಿ ಹಿಂದಕ್ಕೆ ತಿರುಗಲು ಇನ್ನೂ 42 ಡಿಗ್ರಿ ಬಾಕಿ ಇತ್ತು. ಇದು ಹಿಂದಿರುಗುವ ದಿಕ್ಕನ್ನೂ ದಾಟಿ 50 ಡಿಗ್ರಿ ಮುಂದೆ ಹೋಗಿದೆ. 180 ತಲುಪುವ ಮೊದಲು ಕಡಿಮೆ ತಿರುಗಿದವನು ಕೇಂದ್ರದಿಂದ ದೂರ ಉಳಿಯುತ್ತಾನೆ, ದಾಟಿದ ಮೇಲೆ ಕಡಿಮೆ ತಿರುಗಿದವನು ಕೇಂದ್ರಕ್ಕೆ ಹತ್ತಿರ ಇರುತ್ತಾನೆ. ಆದ್ದರಿಂದ ಕೆಂಪು 50 ಡಿಗ್ರಿಯ ಆಸುಪಾಸಿನಲ್ಲಿ ಒಳಗೆ, ನೇರಳೆ ಅದರಾಚೆ. ಇಲ್ಲಿ ಬೆಳಕು ತುಂಬಿರುವುದು ಅಂಚಿನ ಹೊರಗಡೆ. ಹೀಗಾಗಿ 42 ಮತ್ತು 50 ಡಿಗ್ರಿಗಳ ನಡುವಿನ ಪಟ್ಟಿಗೆ ಒಂದು ಪ್ರತಿಫಲನದ ಬೆಳಕೂ ಬರುವುದಿಲ್ಲ, ಎರಡು ಪ್ರತಿಫಲನದ ಬೆಳಕೂ ಬರುವುದಿಲ್ಲ. ಎರಡು ಬಿಲ್ಲುಗಳ ನಡುವಿನ ಆಕಾಶ ಸುತ್ತಲಿನದಕ್ಕಿಂತ ಕಪ್ಪಾಗಿ ಕಾಣುವುದನ್ನು ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಗ್ರೀಕ್ ತತ್ವಜ್ಞಾನಿ ಅಲೆಗ್ಸಾಂಡರ್ ಬರೆದಿಟ್ಟಿದ್ದಾನೆ. ಇಂದಿಗೂ ಅದಕ್ಕೆ ಅಲೆಗ್ಸಾಂಡರನ ಕಪ್ಪುಪಟ್ಟಿ ಎಂದೇ ಹೆಸರು. ಅದರ ಎರಡೂ ದಡಗಳಲ್ಲಿ ಇರುವುದು ಕೆಂಪೇ.